ಕುರ್ತಾ ಬದಲಾಗಬೇಕು, ಮುಖ ಬದಲಾಗಬಾರದು: ಸ್ಟ್ರೆಂತ್ ಎಷ್ಟಿಡಬೇಕು?

ಪ್ರಶ್ನೆ: ನಾನು ಮನೆಯಲ್ಲೇ ಕುರ್ತಾ ಹೊಲಿದು ಮಾರುತ್ತೇನೆ. ತಂಗಿಯ ಒಂದೇ ಫೋಟೊ ಇಟ್ಟುಕೊಂಡು ಬೇರೆ ಬಣ್ಣ, ಬೇರೆ ತೋಳಿನ ಕುರ್ತಾ ಹೇಗೆ ಕಾಣುತ್ತದೆ ಅಂತ ಗಿರಾಕಿಗಳಿಗೆ ತೋರಿಸಬೇಕು. ಇಮೇಜ್-ಟು-ಇಮೇಜ್‌ನಲ್ಲಿ Denoising strength 0.4 ಇಟ್ಟರೆ ಕುರ್ತಾ ಹಾಗೇ ಉಳಿಯುತ್ತದೆ. 0.7 ಇಟ್ಟರೆ ಕುರ್ತಾ ಚೆನ್ನಾಗಿ ಬರುತ್ತದೆ, ಆದರೆ ತಂಗಿ ಬೇರೆ ಯಾರೋ ಆಗಿಬಿಡುತ್ತಾಳೆ, ಹಿಂದಿನ ಅಂಗಳವೂ ಬದಲಾಗುತ್ತದೆ. ಸರಿಯಾದ ಸಂಖ್ಯೆ ಯಾವುದು?

ಉತ್ತರ: ಇಡೀ ಫೋಟೊಗೆ ಒಂದೇ ಸಂಖ್ಯೆ ಕೊಟ್ಟು ಈ ಕೆಲಸ ಮಾಡಲು ಬರುವುದಿಲ್ಲ. 0.4 ಮತ್ತು 0.7ರ ನಡುವೆ ಎಲ್ಲೋ ಒಂದು ಒಳ್ಳೆಯ ಜಾಗ ಅಡಗಿದೆ ಎಂದುಕೊಂಡು 0.5, 0.55, 0.6 ಎಂದು ಹುಡುಕುತ್ತಾ ಕೂತರೆ ದಿನ ಕಳೆಯುತ್ತದೆ, ಅಷ್ಟೆ. ಕುರ್ತಾ ಬದಲಾಗಲು ಬೇಕಾದ ಸಂಖ್ಯೆ ಯಾವಾಗಲೂ ಮುಖ ಕೆಡುವ ಸಂಖ್ಯೆಗಿಂತ ಮೇಲೇ ಇರುತ್ತದೆ. ಬದಲಾಗಬೇಕಾದ ಜಾಗವನ್ನು ಗುರುತಿಸುವ ಮಾಸ್ಕನ್ನು ಬಟ್ಟೆಗೆ ಮಾತ್ರ ಹಾಕಿ, ಬಣ್ಣವನ್ನು ಮೊದಲೇ ಕೈಯಲ್ಲಿ ಬಳಿದು, ಆಮೇಲೆ 0.5ರಿಂದ 0.6ರ ಆಸುಪಾಸಿನಲ್ಲಿ ಓಡಿಸಿ. ನಾನು ಹೇಳುವ ಸಂಖ್ಯೆಗಳೆಲ್ಲ Stable Diffusion ಕುಟುಂಬದ SD 1.5 ಮತ್ತು SDXL ಮಾಡೆಲ್‌ಗಳಿಗೆ ಸೇರಿದವು. ಬೇರೆ ಕುಟುಂಬದ ಮಾಡೆಲ್ ಆದರೆ ವಿಧಾನ ಇದೇ, ಸಂಖ್ಯೆ ಬೇರೆ.

ಹೀಗೇಕೆ ಆಗುತ್ತದೆ ಎಂಬುದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ತಿಳಿದರೆ ಮುಂದೆ ಸಂಖ್ಯೆಯನ್ನು ನೀವೇ ಊಹಿಸಬಲ್ಲಿರಿ. ಸ್ಟ್ರೆಂತ್ ಎಂದರೆ ಮಾಡೆಲ್‌ಗೆ ಕೊಡುವ ಮೊದಲು ನಿಮ್ಮ ಫೋಟೊದ ಮೇಲೆ ಎಷ್ಟು ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದ ಚುಕ್ಕೆಗಳ ಗದ್ದಲ, ಸುರಿಯಬೇಕು ಎಂಬ ಅಳತೆ. ಸುರಿದ ನಾಯ್ಸನ್ನು ಮಾಡೆಲ್ ಹಂತ ಹಂತವಾಗಿ ತೆಗೆಯುತ್ತದೆ. ತೆಗೆಯುವಾಗ, ಕಾಣದೆ ಹೋದ ಜಾಗವನ್ನೆಲ್ಲ ತನ್ನ ಊಹೆಯಿಂದ ತುಂಬುತ್ತದೆ. ಮಡಿಕೇರಿಯ ಮಂಜಿನಲ್ಲಿ ಎದುರುಗುಡ್ಡದ ಮನೆ ನೋಡಿದ್ದೀರಲ್ಲ? ಮಂಜು ಏರುತ್ತಿದ್ದಂತೆ ಮೊದಲು ಕಿಟಕಿಯ ಸರಳು ಮಾಯವಾಗುತ್ತದೆ, ಆಮೇಲೆ ಕಿಟಕಿ, ಆಮೇಲೆ ಬಾಗಿಲು. ಗೋಡೆಯ ಬಿಳುಪು ಮತ್ತು ಮನೆಯ ಒಟ್ಟು ಆಕಾರ ಮಾತ್ರ ಕೊನೆಯವರೆಗೂ ಕಾಣುತ್ತಿರುತ್ತವೆ. ನಾಯ್ಸಿನ ಕೆಲಸವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಸಣ್ಣ ವಿವರ ಮೊದಲು ಹೋಗುತ್ತದೆ, ದೊಡ್ಡ ಬಣ್ಣದ ಹರಹು ಕೊನೆಗೆ ಹೋಗುತ್ತದೆ.

ಈಗ ನಿಮ್ಮ ಫೋಟೊ ನೆನಪಿಸಿಕೊಳ್ಳಿ. ತಂಗಿಯ ಗುರುತು ಇರುವುದು ಕಣ್ಣಿನ ಅಂಚು, ಮೂಗಿನ ತುದಿ, ತುಟಿಯ ಗೆರೆಯಂಥ ಅತಿ ಸಣ್ಣ ವಿವರಗಳಲ್ಲಿ. ಕುರ್ತಾದ ಬಣ್ಣವೋ ಫೋಟೊದ ಮೂರನೇ ಒಂದು ಭಾಗವನ್ನೇ ಆವರಿಸಿದ ದೊಡ್ಡ ಹರಹು. ನೀವು ಉಳಿಸಬೇಕೆಂದಿರುವುದು ಮೊದಲು ಅಳಿಯುತ್ತದೆ, ಅಳಿಸಬೇಕೆಂದಿರುವುದು ಕೊನೆಗೆ ಅಳಿಯುತ್ತದೆ. ಒಂದೇ ಸ್ಲೈಡರ್ ಇಬ್ಬರನ್ನೂ ಸಮಾಧಾನಪಡಿಸಲಾರದು ಎಂದು ನಾನು ಹೇಳಿದ್ದು ಇದಕ್ಕೇ.

ಇನ್ನೊಂದು ವಿಷಯ. 0.5 ಎಂದರೆ ಅರ್ಧ ಫೋಟೊ, ಅರ್ಧ ನಾಯ್ಸ್ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಈ ಮಾಡೆಲ್‌ಗಳಲ್ಲಿ ಫೋಟೊ ಮತ್ತು ನಾಯ್ಸ್ ಸಮಬಲವಾಗುವುದು ಹೆಚ್ಚುಕಡಿಮೆ 0.35ರಲ್ಲೇ. 0.5ಕ್ಕೆ ಬರುವಷ್ಟರಲ್ಲಿ ಫೋಟೊದ ಬಲ 0.53ಕ್ಕೆ ಇಳಿದು ನಾಯ್ಸಿನ ಬಲ 0.85 ಆಗಿರುತ್ತದೆ. 0.75ರಲ್ಲಿ ಫೋಟೊದ ಬಲ 0.24 ಮಾತ್ರ. ಆದ್ದರಿಂದ 0.35ರಿಂದಾಚೆಗೆ ಮುಖ ಕೈಬಿಟ್ಟು ಹೋಗುತ್ತಿದ್ದರೆ ಅದು ನಿಮ್ಮ ಪ್ರಾಂಪ್ಟಿನ ತಪ್ಪಲ್ಲ.

ಮುಖ ಫೋಟೊದಲ್ಲಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು. ಮಾಡೆಲ್ ನಿಮ್ಮ ಫೋಟೊವನ್ನು ಇದ್ದ ಹಾಗೆ ನೋಡುವುದಿಲ್ಲ. ಉದ್ದ ಅಗಲ ಎರಡರಲ್ಲೂ ಎಂಟನೇ ಒಂದು ಭಾಗಕ್ಕೆ ಕುಗ್ಗಿಸಿದ ರೂಪದಲ್ಲಿ ನೋಡುತ್ತದೆ. ನಿಲುಭಂಗಿಯ ಫೋಟೊದಲ್ಲಿ ಮುಖ 110 ಪಿಕ್ಸೆಲ್ ಅಗಲವಿದ್ದರೆ ಮಾಡೆಲ್‌ಗೆ ಸಿಗುವುದು ಅಡ್ಡಕ್ಕೆ ಹದಿನಾಲ್ಕು ಚೌಕ. ಆ ಹದಿನಾಲ್ಕರಲ್ಲಿ ಒಂದು ಕಣ್ಣಿಗೆ ಎರಡೋ ಮೂರೋ. ನಾಯ್ಸನ್ನೇ ಹಾಕದೆ ಬರೀ ಕುಗ್ಗಿಸಿ ಮತ್ತೆ ಹಿಗ್ಗಿಸಿದರೂ ಕಣ್ಣಿನ ಹೊಳಪು ಮಂಕಾಗುತ್ತದೆ. ಹಾಗಾಗಿ ಮುಖವನ್ನು ಮಾಡೆಲ್ ಕೈಗೆ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಡಿಮೆ ಸ್ಟ್ರೆಂತ್‌ನಲ್ಲಿ ಕೊಡುವುದೂ ಬೇಡ, ಕೊನೆಯಲ್ಲಿ ಮೂಲ ಫೋಟೊದ ಪಿಕ್ಸೆಲ್‌ಗಳನ್ನೇ ಅಲ್ಲಿ ಕೂರಿಸಬೇಕು.

ಈಚೆಗೆ ನಾನು ಮಾಡಿದ ಇಂಥದ್ದೇ ಒಂದು ಕೆಲಸವನ್ನು ಮೊದಲಿಂದ ಹೇಳುತ್ತೇನೆ. ಅಕ್ಕನ ಮಗಳ ಫೋಟೊ, ಅವಳ ಒಪ್ಪಿಗೆಯಿಂದ ತೆಗೆದದ್ದು, ಬಳಸಿದ್ದೂ ಅವಳಿಗೆ ತೋರಿಸಿಯೇ. (ನೀವೂ ತಂಗಿಗೆ ಪ್ರತಿ ಚಿತ್ರವನ್ನೂ ತೋರಿಸಿ, ಅವಳು ಹೂಂ ಅಂದ ಮೇಲೆಯೇ ಹೊರಗೆ ಹಾಕಿ. ತನ್ನ ಮೈಮೇಲೆ ತಾನು ತೊಡದ ಬಟ್ಟೆ ಕಾಣುವುದು ಸಣ್ಣ ಮಾತಲ್ಲ.) ಕೆನೆಬಣ್ಣದ, ಅರ್ಧ ತೋಳಿನ ಹತ್ತಿ ಕುರ್ತಾ. ಹಿಂದೆ ತುಳಸಿಕಟ್ಟೆ, ಅದರ ಬಲಕ್ಕೆ ಕಬ್ಬಿಣದ ಸರಳಿನ ಕಿಟಕಿ. ಬೇಕಿದ್ದದ್ದು ಕಡುಹಸಿರು, ತುಂಬುತೋಳಿನ ಕುರ್ತಾ. ಫೋಟೊವನ್ನು 896×1152ಕ್ಕೆ ಇಳಿಸಿಕೊಂಡೆ. SDXLಗೆ ಅದು ಒಗ್ಗುವ ಅಳತೆ, ಮೊಬೈಲಿನ 3:4 ಫೋಟೊಗೂ ಹತ್ತಿರ.

ಮೊದಲು ಮಾಸ್ಕ್ ಇಲ್ಲದೆ, ಪ್ರತಿ ಸಲವೂ ಅದೇ ನಾಯ್ಸ್ ಬರುವಂತೆ ಒಂದೇ ಸೀಡ್ ಸಂಖ್ಯೆ ಇಟ್ಟು ಮೂರು ಸಲ ಓಡಿಸಿದೆ. 0.3ರಲ್ಲಿ ಕುರ್ತಾ ಕೆನೆಬಣ್ಣದ್ದೇ, ನೆರಿಗೆಯ ನೆರಳಲ್ಲಿ ಎಲ್ಲೋ ಒಂಚೂರು ಹಸಿರು. ಆದರೆ ಆಗಲೇ ಕೆನ್ನೆಯ ಮೇಲಿನ ಸಣ್ಣ ಮಚ್ಚೆ ಹೋಗಿತ್ತು. 0.5ರಲ್ಲಿ ಕುರ್ತಾ ತೊಳೆದು ತೊಳೆದು ಮಾಸಿದಂಥ ಹಸಿರಾಯಿತು, ತೋಳು ಅರ್ಧವೇ ಉಳಿಯಿತು, ಮುಖ ಅವಳ ದಾಯಾದಿಯೊಬ್ಬಳ ಹಾಗೆ ಕಂಡಿತು, ಕಿಟಕಿಯ ಸರಳು ಎರಡು ಕಡೆ ಬಾಗಿದವು. 0.7ರಲ್ಲಿ ಹಸಿರು ಸರಿಯಾಯಿತು, ತೋಳು ಮಣಿಕಟ್ಟಿನವರೆಗೆ ಬಂತು. ಹುಡುಗಿ ಮಾತ್ರ ಪೂರ್ತಿ ಬೇರೆ, ತುಳಸಿಕಟ್ಟೆ ಇದ್ದ ಜಾಗದಲ್ಲಿ ದೊಡ್ಡದೊಂದು ಹೂಕುಂಡ. ನಿಮಗಾಗುತ್ತಿರುವುದೂ ಇದೇ.

ನಂತರ ಮಾಸ್ಕ್ ಹಾಕಿದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಹಳೆ ಬಟ್ಟೆಯ ಅಂಚಿಗೆ ಸರಿಯಾಗಿ ಮಾಸ್ಕ್ ಬರೆಯುವುದು. ಹೊಸ ಬಟ್ಟೆ ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಮಾಸ್ಕ್ ಇರಬೇಕು. ತುಂಬುತೋಳು ಬೇಕಾದರೆ ಬರಿಗೈಯೂ ಮಾಸ್ಕಿನ ಒಳಗೆ ಬರಬೇಕು, ಮಣಿಕಟ್ಟಿನ ಹತ್ತಿರ ನಿಲ್ಲಬೇಕು. ಬೆರಳುಗಳನ್ನು ಹೊರಗೇ ಬಿಡಿ, ಕೈಬೆರಳು ಬರೆಯುವುದರಲ್ಲಿ ಈ ಮಾಡೆಲ್‌ಗಳು ಇಂದಿಗೂ ಎಡವುತ್ತವೆ. ಬಟ್ಟೆಯ ಹೊರ ಅಂಚಿನಲ್ಲಿ ಹದಿನೈದಿಪ್ಪತ್ತು ಪಿಕ್ಸೆಲ್ ಹೆಚ್ಚು ಬಿಟ್ಟರೆ ಹೊಸ ಬಟ್ಟೆಗೆ ತನ್ನದೇ ರೀತಿಯಲ್ಲಿ ಇಳಿಬೀಳಲು ಜಾಗ ಸಿಗುತ್ತದೆ. ಕತ್ತಿನ ಕಡೆ ಮಾತ್ರ ಜಿಪುಣತನ ಇರಲಿ. ಮಾಸ್ಕ್ ಗಲ್ಲದ ಕೆಳಗಿನ ನೆರಳನ್ನು ಮುಟ್ಟಿದರೆ ದವಡೆಯ ಗೆರೆ ಬದಲಾಗುತ್ತದೆ. ಕಣ್ಣು ಮೂಗು ಹಾಗೇ ಇದ್ದರೂ ನೋಡಿದವರು “ಇವಳಲ್ಲ” ಅನ್ನುತ್ತಾರೆ, ಯಾಕೆಂದು ಅವರಿಗೂ ಹೇಳಲು ಬರುವುದಿಲ್ಲ.

ಮಾಸ್ಕ್ ಹಾಕಿ 0.7ರಲ್ಲಿ ಓಡಿಸಿದಾಗ ಮುಖ, ಅಂಗಳ ಎರಡೂ ಉಳಿದವು. ಆದರೆ ತೋಳು ಹಾಳಾಯಿತು. ಮೊಣಕೈಯಿಂದ ಕೆಳಗೆ ತೆಳು ಜಾರ್ಜೆಟ್‌ನ ಹಾಗೆ, ಒಳಗಿನ ಮೈಬಣ್ಣ ಕಾಣುವಂಥ ತೋಳು ಬಂತು. ಪ್ರಾಂಪ್ಟಿನಲ್ಲಿ ದಪ್ಪ ಹತ್ತಿ ಎಂದು ಬರೆದರೂ ಹಾಗೇ. ಕಾರಣ ಮೊದಲು ಹೇಳಿದ ಮಂಜೇ: ಬರಿಗೈಯ ಕಂದುಬಣ್ಣ 0.7ರ ನಾಯ್ಸಿನ ಹಿಂದೆಯೂ ಕಾಣುತ್ತಿತ್ತು, ಮಾಡೆಲ್ ಅದನ್ನೂ ಹಸಿರನ್ನೂ ಹೊಂದಿಸಲು ಪಾರದರ್ಶಕ ಬಟ್ಟೆಯನ್ನು ಊಹಿಸಿಕೊಂಡಿತು. ಬಟ್ಟೆ ಕೆಲಸದಲ್ಲಿ ಇದು ಆಗಲೇಬಾರದ ತಪ್ಪು, ಯಾರ ಮೈಮೇಲೂ. ಸಂಖ್ಯೆಯನ್ನು 0.85ಕ್ಕೆ ಏರಿಸಿದರೆ ಮೈಬಣ್ಣ ಹೋಗುತ್ತದೆ, ನಿಜ. ಜೊತೆಗೆ ಕುರ್ತಾದ ನಿಜವಾದ ನೆರಿಗೆ, ಸೊಂಟದ ತಿರುವು, ಬೆಳಕು ಬಿದ್ದ ದಿಕ್ಕು ಕೂಡ ಹೋಗಿ, ಬಟ್ಟೆ ಬೇರೆ ಯಾರದೋ ಫೋಟೊದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಇಲ್ಲಿ ಸಂಖ್ಯೆ ಏರಿಸಬೇಡಿ, ಕೊಡುವ ಫೋಟೊವನ್ನೇ ಬೇಕಾದ ಚಿತ್ರದ ಹತ್ತಿರ ತನ್ನಿ. ನಾನು ಮಾಡಿದ್ದು ಇಷ್ಟು. GIMPನಲ್ಲಿ ಫೋಟೊ ತೆರೆದು ಮೇಲೊಂದು ಹೊಸ ಲೇಯರ್ ಹಾಕಿ, ಅದರ ಮೋಡ್ Multiplyಗೆ ಬದಲಿಸಿ, ಕುರ್ತಾದ ಮೇಲೆ ಕಡುಹಸಿರು ಬಳಿದೆ. Multiply ಇರುವುದರಿಂದ ಕೆಳಗಿನ ನೆರಿಗೆಯ ನೆರಳು ಹಸಿರಿನ ಮೂಲಕವೂ ಕಾಣುತ್ತದೆ. ಬರಿಗೈಯ ಮೇಲೆ ಮಾತ್ರ ಇನ್ನೊಂದು ಲೇಯರ್‌ನಲ್ಲಿ, Normal ಮೋಡ್‌ನಲ್ಲಿ, ಮೈಬಣ್ಣ ಪೂರ್ತಿ ಮುಚ್ಚುವಂತೆ ಅದೇ ಹಸಿರನ್ನು ಬಳಿದು, ಕೈಯ ಒಳಬದಿಗೆ ತುಸು ಗಾಢ ಹಸಿರಿನ ಒಂದು ಪಟ್ಟೆ ಎಳೆದೆ. ನೋಡಲು ಮಕ್ಕಳು ಬಣ್ಣ ತುಂಬಿದ ಹಾಗಿತ್ತು, ಹತ್ತು ನಿಮಿಷದ ಕೆಲಸ. ಅಷ್ಟು ಸಾಕು. ಸಣ್ಣ ವಿವರ ತುಂಬುವುದು ಮಾಡೆಲ್‌ಗೆ ಸುಲಭ, ದೊಡ್ಡ ಬಣ್ಣ ಬದಲಿಸುವುದೇ ಕಷ್ಟ. ಕಷ್ಟದ್ದನ್ನು ನಾವು ಮಾಡಿಕೊಟ್ಟರೆ ಸಣ್ಣ ಸಂಖ್ಯೆಯಲ್ಲೇ ಕೆಲಸ ಮುಗಿಯುತ್ತದೆ.

ಬಣ್ಣ ಬಳಿದ ಚಿತ್ರಕ್ಕೆ ಅದೇ ಮಾಸ್ಕ್ ಹಾಕಿ 0.4ರಿಂದ 0.75ರವರೆಗೆ ಸಾಲಾಗಿ ಓಡಿಸಿದೆ. AUTOMATIC1111 ಬಳಸುವವರು X/Y/Z plotನಲ್ಲಿ Denoising ಆರಿಸಿ `0.4-0.75 (+0.05)` ಎಂದು ಬರೆದರೆ ಎಂಟೂ ಚಿತ್ರ ಒಟ್ಟಿಗೆ ಬರುತ್ತವೆ. ಸೀಡ್ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸುವುದು ಸಂಖ್ಯೆಯನ್ನೋ ಅದೃಷ್ಟವನ್ನೋ ತಿಳಿಯದು. 0.4ರಲ್ಲಿ ತೋಳು ಇನ್ನೂ ಬಣ್ಣ ಬಳಿದಂತೆಯೇ ಚಪ್ಪಟೆ. 0.5ರಲ್ಲಿ ಮೊಣಕೈ ಹತ್ತಿರ ಮಡಿಕೆ ಹುಟ್ಟಿತು, ಹೊಲಿಗೆಯ ಗೆರೆ ಮಸುಕು. 0.55ರಲ್ಲಿ ತೋಳಿನ ತುದಿಯ ಪಟ್ಟಿ, ಹೊಲಿಗೆ, ನೇಯ್ಗೆಯ ಒರಟು ಎಲ್ಲ ಬಂತು, ಕುರ್ತಾದ ನೆರಿಗೆ ಮೂಲದ ಜಾಗದಲ್ಲೇ ಇತ್ತು. 0.65ರ ಹೊತ್ತಿಗೆ ನೆರಿಗೆಗಳು ಜಾಗ ಬಿಟ್ಟವು, ಎದೆಯ ಮೇಲೆ ಕೇಳದ ಕಸೂತಿ ಕಾಣಿಸಿಕೊಂಡಿತು. ನಾನು 0.55 ಇಟ್ಟುಕೊಂಡೆ. ನಿಮ್ಮ ಫೋಟೊದಲ್ಲಿ ಅದು 0.5 ಆಗಬಹುದು, 0.6 ಆಗಬಹುದು. ನೋಡಬೇಕಾದ ಗುರುತು ಇದು: ಬಳಿದ ಬಣ್ಣ ಬಟ್ಟೆಯಂತೆ ಕಾಣತೊಡಗುವ ಮೊದಲ ಸಂಖ್ಯೆಯಲ್ಲೇ ನಿಲ್ಲಿ. ಅದರಿಂದ ಮೇಲಕ್ಕೆ ಹೋದಂತೆ ಮಾಡೆಲ್ ತನ್ನ ಇಷ್ಟದ್ದನ್ನು ಸೇರಿಸುತ್ತಾ ಹೋಗುತ್ತದೆ.

ಪ್ರೋಗ್ರಾಂ ಬರೆದು ಓಡಿಸುವವರಿಗೆ diffusers ಎಂಬ Python ಲೈಬ್ರರಿಯಲ್ಲಿ ಇದೇ ಕೆಲಸ ಹೀಗಿದೆ. ಕೊನೆಯ ಸಾಲನ್ನು ಬಿಡಬೇಡಿ, ಮಾಸ್ಕಿನ ಹೊರಗೆ ಮೂಲ ಫೋಟೊವನ್ನೇ ಕೂರಿಸುವುದು ಅದು.

```python
out = pipe(
    prompt=prompt, image=painted, mask_image=mask,
    width=896, height=1152,
    strength=0.55, num_inference_steps=30,
    generator=torch.Generator("cuda").manual_seed(4127),
).images[0]
final = Image.composite(out, photo, mask.convert("L"))
```

ಇಲ್ಲಿ 30 ಸ್ಟೆಪ್ ಎಂದು ಬರೆದರೂ ನಿಜವಾಗಿ ಓಡುವುದು 30 × 0.55, ಅಂದರೆ ಹದಿನಾರು. ಸಾಮಾನ್ಯ ಮಾಡೆಲ್‌ಗೆ ಅಷ್ಟು ಸಾಕು. ಆದರೆ ನಾಲ್ಕೇ ಸ್ಟೆಪ್‌ನಲ್ಲಿ ಚಿತ್ರ ಕೊಡುವ ವೇಗದ ಮಾಡೆಲ್ ಬಳಸುತ್ತಿದ್ದರೆ ಎಚ್ಚರ. 4 × 0.55 ಎಂದರೆ 2.2, ಓಡುವುದು ಎರಡು ಸ್ಟೆಪ್. 4 × 0.7 ಎಂದರೆ 2.8, ಆಗಲೂ ಓಡುವುದು ಎರಡೇ. ಎರಡು ಸಂಖ್ಯೆಗೂ ಒಂದೇ ಚಿತ್ರ ಬರುತ್ತದೆ, 0.75ಕ್ಕೆ ಹೋದ ಕೂಡಲೇ ಇದ್ದಕ್ಕಿದ್ದಂತೆ ಎಲ್ಲ ಬದಲಾಗುತ್ತದೆ. ಸ್ಲೈಡರ್ ಕೆಟ್ಟಿದೆ ಎಂದು ತಿಳಿಯಬೇಡಿ. ನಾಜೂಕಾದ ಕೆಲಸಕ್ಕೆ ಆ ಮಾಡೆಲ್‌ಗಳನ್ನು ನಾನು ಬಳಸುವುದಿಲ್ಲ.

ಪ್ರಾಂಪ್ಟ್ ಬಗ್ಗೆ ಒಂದೇ ಮಾತು. ಇಮೇಜ್-ಟು-ಇಮೇಜ್‌ನಲ್ಲಿ ಪ್ರಾಂಪ್ಟ್ ಅಪ್ಪಣೆಯಲ್ಲ, ಮುಗಿದ ಚಿತ್ರದ ವರ್ಣನೆ. “ಕುರ್ತಾ ಹಸಿರು ಮಾಡು” ಎಂದು ಬರೆದರೆ “ಮಾಡು” ಎಂಬುದು ಅದಕ್ಕೆ ತಿಳಿಯುವುದಿಲ್ಲ. ಕಡುಹಸಿರು ಹತ್ತಿ ಕುರ್ತಾ, ತುಂಬುತೋಳು, ಸಂಜೆಯ ಬೆಳಕು ಎಂದು ಇರುವುದನ್ನು ಇದ್ದಂತೆ ಬರೆಯಿರಿ, ಇಂಗ್ಲಿಷಿನಲ್ಲಿ ಬರೆದರೆ ಈ ಮಾಡೆಲ್‌ಗಳಿಗೆ ಹೆಚ್ಚು ಅರ್ಥವಾಗುತ್ತದೆ. AUTOMATIC1111ನ ಇನ್‌ಪೇಂಟ್ ಪುಟದಲ್ಲಿ Only masked ಆರಿಸಿದ್ದರೆ ಹುಡುಗಿ, ಮುಖ ಎಂಬ ಪದಗಳನ್ನೂ ಬಿಟ್ಟುಬಿಡಿ. ಆಗ ಮಾಡೆಲ್‌ಗೆ ಕಾಣುವುದು ಮಾಸ್ಕಿನ ಸುತ್ತಲಿನ ತುಂಡು ಮಾತ್ರ, ಹುಡುಗಿ ಎಂದರೆ ಎದೆಯ ಭಾಗದಲ್ಲೇ ಒಂದು ಮುಖ ಬರೆಯಲು ಹೊರಡುತ್ತದೆ.

ಕಷ್ಟದ ಜಾಗ ಕೂದಲು. ಅಕ್ಕನ ಮಗಳ ಜಡೆ ಬಿಚ್ಚಿ ಎಡಭುಜದ ಮೇಲೆ ಬಿದ್ದಿತ್ತು. ಕೂದಲನ್ನು ಮಾಸ್ಕಿನಿಂದ ಹೊರಗಿಟ್ಟರೆ ಎಳೆಗಳ ನಡುವೆ ಹಳೆಯ ಕೆನೆಬಣ್ಣ ಇಣುಕಿತು, ಒಳಗಿಟ್ಟರೆ ಮಾಡೆಲ್ ಬೇರೆ ಕೂದಲನ್ನೇ ಬರೆಯಿತು. ಇಂಥಲ್ಲಿ ಕಪ್ಪು-ಬಿಳುಪು ಮಾಸ್ಕ್ ಸಾಲದು, ಬೂದು ಬೇಕು. ComfyUIಯಲ್ಲಿ Differential Diffusion ಎಂಬ ನೋಡ್ ಇದೆ, AUTOMATIC1111ನಲ್ಲಿ ಅದೇ ಜಾತಿಯ Soft inpainting ಇದೆ. ಇವು ಮಾಸ್ಕಿನ ಬಣ್ಣವನ್ನು ಸ್ಟ್ರೆಂತ್ ಎಂದೇ ಓದುತ್ತವೆ. ಬಿಳಿ ಇದ್ದಲ್ಲಿ ಪೂರ್ತಿ ಬದಲಾವಣೆ, ಕಪ್ಪು ಇದ್ದಲ್ಲಿ ಏನೂ ಇಲ್ಲ, ಬೂದು ಇದ್ದಲ್ಲಿ ನಡುವಿನದು. ಕುರ್ತಾಕ್ಕೆ ಬಿಳಿ, ಕೂದಲಿನ ತುದಿಗಳಿಗೆ ನಡುಬೂದು, ಕತ್ತಿನ ಹತ್ತಿರ ಕಪ್ಪಿಗೆ ಕರಗುವ ಬೂದು ಹಾಕಿದೆ. ಒಂದೇ ಫೋಟೊಗೆ ಜಾಗ ಜಾಗಕ್ಕೂ ಬೇರೆ ಸಂಖ್ಯೆ ಕೊಟ್ಟ ಹಾಗಾಯಿತು. ಬಣ್ಣ ಬಳಿಯುವಾಗಲೇ ಎಳೆಗಳ ನಡುವಿನ ಕೆನೆಬಣ್ಣದ ಮೇಲೂ ಹಸಿರು ಎಳೆದಿದ್ದರಿಂದ ಬೂದು ಜಾಗದಲ್ಲೂ ಹಳೆಯ ಬಣ್ಣ ಉಳಿಯಲಿಲ್ಲ.

ಈ ವಿಧಾನಕ್ಕೂ ಎಲ್ಲೆ ಇದೆ. ತಿಳಿಬಣ್ಣದಿಂದ ಗಾಢಕ್ಕೆ ಹೋಗುವುದು ಸುಲಭ. ಕಪ್ಪು ಕುರ್ತಾವನ್ನು ಬಿಳಿ ಮಾಡಬೇಕೆಂದರೆ Multiply ಉಪಯೋಗಕ್ಕೆ ಬರುವುದಿಲ್ಲ, ಕಪ್ಪಿನಲ್ಲಿ ನೆರಿಗೆಯ ನೆರಳೇ ಇರುವುದಿಲ್ಲ. ಬಿಳಿ ಬಳಿದು, ನೆರಳನ್ನು ಕೈಯಲ್ಲಿ ಎಳೆದು, 0.65ರವರೆಗೆ ಹೋಗಬೇಕಾಗುತ್ತದೆ. ಅದಕ್ಕಿಂತ ತಿಳಿಬಣ್ಣದ ಕುರ್ತಾದಲ್ಲಿ ಇನ್ನೊಂದು ಫೋಟೊ ತೆಗೆಯುವುದು ಲೇಸು, ತಂಗಿ ಮನೆಯಲ್ಲೇ ಇದ್ದಾಳಲ್ಲ. ಕುರ್ತಾದಿಂದ ಸೀರೆಗೆ ಹೋಗುವುದಾದರೆ ಆಕಾರವೇ ಬೇರೆ. ಅಲ್ಲಿ ಹಳೆಯ ನೆರಿಗೆ ಉಳಿಸಿಕೊಂಡು ಪ್ರಯೋಜನವಿಲ್ಲ, ಸೆರಗು ಬೀಳುವ ಜಾಗವನ್ನೂ ಸೇರಿಸಿ ಧಾರಾಳವಾಗಿ ಮಾಸ್ಕ್ ಹಾಕಿ, ಇನ್‌ಪೇಂಟಿಂಗ್‌ಗೆಂದೇ ತರಬೇತಾದ ಮಾಡೆಲ್‌ನಲ್ಲಿ 0.9ರಿಂದ 1ರವರೆಗೆ ಓಡಿಸಿ, ನಿಲುವು ತಪ್ಪದಂತೆ ControlNetನ openpose ಜೊತೆಗಿಡಬೇಕು. ಆ ಮಾಡೆಲ್‌ಗಳು ಮಾಸ್ಕಿನ ಸುತ್ತ ಏನಿದೆ ಎಂಬುದನ್ನು ಬೇರೆಯಾಗಿ ನೋಡಿಕೊಳ್ಳುವುದರಿಂದ ಅಷ್ಟು ಮೇಲಿನ ಸಂಖ್ಯೆಯಲ್ಲೂ ಅಂಚು ಹೊಂದುತ್ತದೆ.

ಆದರೆ ಇಳಕಲ್ ಸೀರೆ, ಗುಳೇದಗುಡ್ಡ ಖಣದಂಥ ನಿರ್ದಿಷ್ಟ ನೇಯ್ಗೆಯನ್ನು ಪ್ರಾಂಪ್ಟಿನಿಂದ ತರಿಸಲು ಹೋಗಬೇಡಿ. ಯಾವ ಸಂಖ್ಯೆ ಇಟ್ಟರೂ ಬರುವುದು ದೂರದಿಂದ ಹಾಗೆ ಕಾಣುವ, ಹತ್ತಿರದಿಂದ ಯಾವ ಮಗ್ಗದಲ್ಲೂ ನೇಯದ ಬಟ್ಟೆ. ಗಿರಾಕಿ ಆ ಚಿತ್ರ ನೋಡಿ ದುಡ್ಡು ಕೊಟ್ಟು, ಕೈಗೆ ಬಂದದ್ದು ಬೇರೆಯಾದರೆ ಹೆಸರು ಹಾಳಾಗುವುದು ನಿಮ್ಮದು. ಬಣ್ಣ, ತೋಳು, ಉದ್ದ ತೋರಿಸಲು ಈ ಚಿತ್ರ ಬಳಸಿ, “ಮಾದರಿ ಚಿತ್ರ” ಎಂದು ಕೆಳಗೆ ಬರೆಯಿರಿ, ಬಟ್ಟೆಯ ನಿಜವಾದ ಫೋಟೊವನ್ನು ಪಕ್ಕದಲ್ಲಿಡಿ.

ಮುಗಿದ ಚಿತ್ರವನ್ನು ಕಣ್ಣಳತೆಯಲ್ಲಿ ಒಪ್ಪಬೇಡಿ. GIMPನಲ್ಲಿ ಮೂಲ ಫೋಟೊದ ಮೇಲೆ ಹೊಸದನ್ನು ಲೇಯರ್ ಆಗಿಟ್ಟು ಮೋಡನ್ನು Differenceಗೆ ಬದಲಿಸಿ. ಬದಲಾಗದ ಜಾಗವೆಲ್ಲ ಅಚ್ಚ ಕಪ್ಪಾಗಿ ಕಾಣಬೇಕು, ಕುರ್ತಾ ಮಾತ್ರ ಬೆಳಗಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಮುಖದ ಜಾಗದಲ್ಲಿ ತೆಳು ಬೂದು ಕಂಡಿತು, ಕೊನೆಯ ಕೂರಿಸುವ ಹೆಜ್ಜೆ ಮರೆತಿದ್ದೆ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಕತ್ತಿನ ಅಂಚು ನೋಡಿ. ಹೊಸ ಬಟ್ಟೆ ತೀರಾ ನುಣುಪಾಗಿ, ಉಳಿದ ಫೋಟೊ ಮೊಬೈಲಿನ ಸಣ್ಣ ಕಾಳುಕಾಳಿನಿಂದ ಕೂಡಿದ್ದರೆ ಬಟ್ಟೆಯ ಮೇಲೆ ಅಷ್ಟೇ ಕಾಳು ಸೇರಿಸಿ. ಗಲ್ಲದ ಕೆಳಗೂ ಒಮ್ಮೆ ನೋಡಿ. ಕೆನೆಬಣ್ಣದ ಕುರ್ತಾ ಮೇಲಕ್ಕೆ ಬೆಳಕು ಚೆಲ್ಲುತ್ತಿತ್ತು, ಕಡುಹಸಿರು ಚೆಲ್ಲುವುದಿಲ್ಲ. ಆ ಬೆಳಕು ಕತ್ತಿನ ಮೇಲೆ ಹಾಗೇ ಉಳಿದರೆ ಮುಖ ಅಂಟಿಸಿದಂತೆ ಕಾಣುತ್ತದೆ. ನಾನು ಗಲ್ಲದಿಂದ ಕೆಳಗೆ, ಕತ್ತಿನ ಭಾಗವನ್ನಷ್ಟೇ, ಮೆತ್ತನೆಯ ಕುಂಚದಲ್ಲಿ ಒಂದು ಎಳೆ ಗಾಢ ಮಾಡಿದೆ. ಅಕ್ಕನಿಗೆ ಚಿತ್ರ ತೋರಿಸಿದಾಗ ಅವಳು ಮಗಳನ್ನು ಕೇಳಿದ್ದು, ಈ ಹಸಿರು ಕುರ್ತಾ ಯಾವಾಗ ತಗೊಂಡೆ ಅಂತ.